ಹದಿನೆಂಟು ಸಾವಿರದಲ್ಲಿ ನಿಂತ ಚಾನೆಲ್ಲು

ಚಿತ್ರದುರ್ಗ,
ಭಾನುವಾರ ರಾತ್ರಿ

ಪ್ರೀತಿಯ ಕಾವ್ಯಾಗೆ ಮಾವನ ಆಶೀರ್ವಾದ.

ಮೊನ್ನೆ ದಾವಣಗೆರೆಗೆ ಬಂದಾಗ ನೀನು ಒಗ್ಗರಣೆ ಹಾಕುವುದನ್ನು ನೋಡುತ್ತಾ ಕೂತಿದ್ದೆ. ಸಾಸಿವೆ ಸಿಡಿದದ್ದು ಕ್ಯಾಮೆರಾಕ್ಕೆ ಸಿಗಲಿಲ್ಲ ಅಂತ ಅದನ್ನು ಚೆಲ್ಲಿ ಮತ್ತೆ ಹಾಕಿದೆ. ಎರಡನೇ ಸಲ ಕರಿಬೇವು ಕಪ್ಪಾಯಿತು, ಮೂರನೇ ಸಲ ಹಾಕಿದೆ. ಆಮೇಲೆ ನಿಮ್ಮವ್ವ ಊಟಕ್ಕೆ ಕರೆದರೆ, "ನನಗೆ ಬೇಡ, ಈ ವಾಸನೆನೇ ಆಗ್ತಿಲ್ಲ" ಅಂದೆ. ಅಡುಗೆ ಮನೆ ಬಿಟ್ಟು ಬರದ ಹುಡುಗಿ ಹೀಗೆ ಅಂದದ್ದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ" ಅಂತ ಇಟ್ಟುಬಿಡುತ್ತೀಯ.

ಯೂಟ್ಯೂಬಿನ ಅಡುಗೆ ಚಾನೆಲ್ಲಿಗೆ ಐದು ತಿಂಗಳಿಂದ ಸಬ್‌ಸ್ಕ್ರೈಬರು 18 ಸಾವಿರದ ಹತ್ತಿರವೇ ನಿಂತಿದ್ದಾರೆ, ವಾರಕ್ಕೆ ಮೂರು ವಿಡಿಯೊ ಹಾಕಿದರೂ ಆಗುತ್ತಿಲ್ಲ, ಇನ್ನು ದಿನಾ ಹಾಕುತ್ತೇನೆ ಅಂದೆಯಲ್ಲ. ಆ ತಪ್ಪನ್ನು ನಾನು ಮಾಡಿದ್ದೇನೆ. ನನ್ನ ಮೋಟಾರ್ ವೈಂಡಿಂಗ್ ಚಾನೆಲ್ಲು ಶುರುವಾದ ಎರಡನೇ ವರ್ಷ, ಜುಲೈನಲ್ಲಿ ವ್ಯೂಸ್ ಅರ್ಧಕ್ಕೆ ಇಳಿಯಿತು. ಗಾಬರಿಯಾಗಿ ದಿನಕ್ಕೊಂದು ಹಾಕಿದೆ. ಅಂಗಡಿಯಲ್ಲಿ ಹಗಲಿಡೀ ಕಾಯಿಲ್ ಸುತ್ತಿ ರಾತ್ರಿ ಒಂದು ಗಂಟೆವರೆಗೆ ಎಡಿಟ್ ಮಾಡುತ್ತಿದ್ದೆ. ಒಂದು ದಿನ ಗಿರಾಕಿಯ ಮೋಟಾರಿಗೆ ಕನೆಕ್ಷನ್ ಉಲ್ಟಾ ಕೊಟ್ಟೆ. ಆಮೇಲೆ ವ್ಯೂಸ್ ಇಳಿದ ಕಾರಣ ಹುಡುಕಿದರೆ ದೊಡ್ಡದೇನೂ ಇರಲಿಲ್ಲ. ನಮ್ಮ ಕಡೆ ಬೋರ್‌ವೆಲ್ ಮೋಟಾರು ಸುಡುವುದು ಬೇಸಿಗೆಯಲ್ಲಿ. ಮಳೆ ಬಂದರೆ ಪಂಪೇ ಓಡುವುದಿಲ್ಲ, ಯಾರು ನನ್ನ ವಿಡಿಯೊ ಹುಡುಕುತ್ತಾರೆ? ಹಿಂದಿನ ವರ್ಷದ ಜುಲೈ ತೆಗೆದು ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಜೂನ್ ಜೊತೆ ಹೋಲಿಸಿ ಕೆಟ್ಟೆ.

ನಿನ್ನದು ಆ ಥರದ್ದಲ್ಲ. ಹಿಂದಿನ ವರ್ಷದ ಇದೇ ತಿಂಗಳುಗಳ ಜೊತೆ ಇಟ್ಟು ನೋಡಿದೆ, ನಿಜಕ್ಕೂ ನಿಂತಿದೆ. ನೀನು ಸ್ನಾನಕ್ಕೆ ಹೋದಾಗ, ನಿನ್ನನ್ನು ಕೇಳಿಯೇ, ಯೂಟ್ಯೂಬ್ ಸ್ಟುಡಿಯೊ ತೆರೆದು ಅರ್ಧ ಗಂಟೆ ಕೂತಿದ್ದೆ ಅಲ್ವಾ, ಆಗ ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಇದು.

ಕಳೆದ ತಿಂಗಳು ಚಾನೆಲ್ಲಿಗೆ ಒಟ್ಟು 96 ಸಾವಿರ ವ್ಯೂಸ್ ಬಂದಿದೆ. ಅದರಲ್ಲಿ ಆ ತಿಂಗಳು ನೀನು ಮೈಮುರಿದು ಮಾಡಿದ 13 ವಿಡಿಯೊಗಳದ್ದು ಎಲ್ಲಾ ಸೇರಿ 28 ಸಾವಿರ. ಉಳಿದದ್ದೆಲ್ಲಾ ಹಳೆಯವು. ಬೆಣ್ಣೆ ದೋಸೆ ಹಿಟ್ಟಿನ ಅಳತೆಯದು, ಮಂಡಕ್ಕಿ ಒಗ್ಗರಣೆಯದು, ಮೆಣಸಿನಕಾಯಿ ಬಜ್ಜಿಯದು. ಜನ ಸರ್ಚ್ ಮಾಡಿ ಬಂದು ಅವನ್ನೇ ನೋಡುತ್ತಿದ್ದಾರೆ. ಅಂದರೆ ನೀನು ಒಂದು ತಿಂಗಳು ಕೈಕಟ್ಟಿ ಕೂತರೂ ಮುಕ್ಕಾಲು ಪಾಲಿನ ಹತ್ತಿರ ವ್ಯೂಸ್ ತಾನಾಗೇ ಬರುತ್ತದೆ. ಇದನ್ನು ಮೊದಲು ಮನಸ್ಸಿಗೆ ತಂದುಕೋ. ನಿಲ್ಲಿಸಿದರೆ ವ್ಯೂಸೇ ಬರುವುದಿಲ್ಲ ಅನ್ನುವುದೇ ನಿನ್ನ ಭಯ.

ಆಮೇಲೆ ಹೊಸ ವಿಡಿಯೊಗಳು ಯಾಕೆ ಓಡುತ್ತಿಲ್ಲ ಅಂತ ನೋಡಿದೆ. ಯೂಟ್ಯೂಬ್ ತೋರಿಸುವುದು, ಅಂದರೆ ಇಂಪ್ರೆಶನ್ಸ್, ಈ ವರ್ಷದ ಶುರುವಿನಲ್ಲಿ ಕಡಿಮೆ ಆಗಿರಲಿಲ್ಲ. ತೋರಿಸಿದವರಲ್ಲಿ ಒತ್ತುವವರೂ ಮೊದಲಿನಷ್ಟೇ, ಶೇ. 5ರ ಆಸುಪಾಸು. ಹಾಗಾಗಿ ಥಂಬ್‌ನೇಲ್ ಮೇಲೆ ನೀನು ಕಣ್ಣೀರು ಹಾಕಬೇಕಾಗಿಲ್ಲ. ಸೋರುತ್ತಿರುವುದು ಒತ್ತಿ ಒಳಗೆ ಬಂದ ಮೇಲೆ. ಒಂದೂವರೆ ವರ್ಷದ ಹಿಂದೆ 30ನೇ ಸೆಕೆಂಡಿಗೆ ನೂರಕ್ಕೆ 68 ಜನ ಇರುತ್ತಿದ್ದರು. ಈಗಿನ ಹತ್ತು ವಿಡಿಯೊಗಳಲ್ಲಿ 50 ಇದ್ದರೆ ಹೆಚ್ಚು. ಯಾಕೆ ಅಂತ ನೋಡಿದರೆ, ಮೊದಲು ನೇರವಾಗಿ ಬಾಣಲೆ ಇಡುತ್ತಿದ್ದೆ. ಈಗ ನಮಸ್ಕಾರ, ಹೇಗಿದ್ದೀರಿ, ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ ಅಂತ ನಲವತ್ತು ಸೆಕೆಂಡು. ಒಲೆ ಹಚ್ಚುವ ಮೊದಲೇ ಅರ್ಧ ಮನೆ ಖಾಲಿ. ಹೀಗೆ ಜನ ಬೇಗ ಎದ್ದು ಹೋಗುತ್ತಿದ್ದರೆ ಕ್ರಮೇಣ ಯೂಟ್ಯೂಬ್ ತೋರಿಸುವುದನ್ನೂ ಕಡಿಮೆ ಮಾಡುತ್ತದೆ. ಕಳೆದ ಎರಡು ತಿಂಗಳಲ್ಲಿ ಇಂಪ್ರೆಶನ್ಸ್ ಇಳಿದಿರುವುದು ಅದಕ್ಕೇ ಅಂತ ನನ್ನ ಲೆಕ್ಕ.

ಇನ್ನೊಂದು ಕಣ್ಣಿಗೆ ಬಿತ್ತು. ನೀನು ಫೇಲ್ ಅಂತ ಬದಿಗಿಟ್ಟ ಮಂಡಕ್ಕಿ ಭಟ್ಟಿಯ ವಿಡಿಯೊ. ಬಿಸಿ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಮಂಡಕ್ಕಿ ಅರಳುವುದರಿಂದಲೇ ಶುರು ಮಾಡಿದ್ದೀಯ, ಮಾತೇ ಇಲ್ಲ. ವ್ಯೂಸ್ ಬರೀ 3,100. ಆದರೆ 30ನೇ ಸೆಕೆಂಡಿಗೆ ನೂರಕ್ಕೆ 74 ಜನ ಇದ್ದಾರೆ, ಮತ್ತೆ ಮತ್ತೆ ಬರುವ ನೋಡುಗರು ಬೇರೆ ಯಾವ ವಿಡಿಯೊಗಿಂತಲೂ ಜಾಸ್ತಿ. ಒಂದೇ ವಿಡಿಯೊದಿಂದ ತೀರ್ಮಾನ ಮಾಡಬಾರದು, ನಿಜ. ಸುಳಿವು ಅಂತ ಇಟ್ಟುಕೋ.

ಹಾಗಾದರೆ ಈಗಲೇ ಭಟ್ಟಿಗೆ ಓಡಬೇಕಾ? ಬೇಡ. ಮೊದಲು ನಿಲ್ಲಿಸು. ಒಂದು ವಿಡಿಯೊಗೆ ಸಂತೆ, ಅಡುಗೆ, ಎಡಿಟ್ ಎಲ್ಲಾ ಸೇರಿ 14 ಗಂಟೆ ಅಂದೆ. ಮೂರಕ್ಕೆ 42 ಗಂಟೆ, ಮೇಲೆ ಬ್ಯಾಂಕಿನ ಕೆಲಸ. ಲೋಡ್ ಜಾಸ್ತಿಯಾಗಿ ಓವರ್‌ಲೋಡ್ ರಿಲೇ ಮೋಟಾರನ್ನು ನಿಲ್ಲಿಸಿದಾಗ ರೈತರು ಕಾರಣ ನೋಡದೆ ಮತ್ತೆ ಮತ್ತೆ ಹಸಿರು ಬಟನ್ ಒತ್ತುತ್ತಾರೆ. ನಾಲ್ಕನೇ ಸಲಕ್ಕೆ ವೈಂಡಿಂಗ್ ಸುಟ್ಟು ನನ್ನ ಅಂಗಡಿಗೆ ಬರುತ್ತದೆ. ನೀನೂ ಹಾಗೇ ಬಟನ್ ಒತ್ತುತ್ತಿದ್ದೀಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟಿಗೆ ಮೂರು ಗುರುತು ಹೇಳಿತು: ಶಕ್ತಿ ಬತ್ತುವುದು, ಕೆಲಸದ ಮೇಲೆ ಬೇಸರ ಹುಟ್ಟುವುದು, ಎಷ್ಟು ಮಾಡಿದರೂ ಸರಿಯಾಗಿ ಮಾಡುತ್ತಿಲ್ಲ ಅನ್ನಿಸುವುದು. ಮೂರೂ ಆ ಒಗ್ಗರಣೆ ದಿನ ಕಂಡವು. ದಣಿದ ಕಣ್ಣಿಗೆ ಹಳೆಯದೂ ಬೇಡ, ಹೊಸದೂ ಬೇಡ. ಆ ಸ್ಥಿತಿಯಲ್ಲಿ ಫಾರ್ಮ್ಯಾಟ್ ಬದಲಾಯಿಸಿದರೆ ಚೆನ್ನಾಗಿರುವುದನ್ನೇ ಕಿತ್ತು ಹಾಕುತ್ತೀಯ.

ಐದು ವಾರ ಬಿಡು. "ಊರಿಗೆ ಹೋಗಿದ್ದೇನೆ, ಇಂಥ ತಾರೀಖಿಗೆ ಬರ್ತೀನಿ" ಅಂತ ಒಂದು ಪೋಸ್ಟ್ ಹಾಕಿದರೆ ಸಾಕು. ಬಿಡುವು ತೆಗೆದುಕೊಂಡ ಚಾನೆಲ್ಲುಗಳನ್ನು ನೋಡಿದ್ದೇವೆ, ಬಿಡುವು ಎಷ್ಟು ಉದ್ದ ಅನ್ನುವುದಕ್ಕೂ ವ್ಯೂಸ್ ಏರಿಳಿತಕ್ಕೂ ಸಂಬಂಧ ಕಾಣಲಿಲ್ಲ ಅಂತ ಯೂಟ್ಯೂಬಿನವರೇ ಹೇಳಿದ್ದಾರೆ. ಬಂದ ಮೇಲೆ ಮೊದಲ ಒಂದೆರಡು ವಿಡಿಯೊ ನಿಧಾನ ಓಡಬಹುದು, ಅದಕ್ಕೆ ಹೆದರಬೇಡ. ಆರು ತಿಂಗಳಿಗಿಂತ ಜಾಸ್ತಿ ವಿಡಿಯೊನೂ ಇಲ್ಲ, ಪೋಸ್ಟೂ ಇಲ್ಲ ಅಂದರೆ ಮಾತ್ರ ಜಾಹೀರಾತಿನ ದುಡ್ಡು ನಿಲ್ಲಿಸಬಹುದು ಅಂತ ನಿಯಮ ಇದೆ. ನೀನು ಅಲ್ಲಿಯವರೆಗೆ ಹೋಗುವುದಿಲ್ಲ.

ವಾಪಸ್ ಬಂದ ಮೇಲೆ ವಾರಕ್ಕೆ ಒಂದೇ. ಒಂದು ವಾರ ಅಡುಗೆ, ಮುಂದಿನ ವಾರ ಭಟ್ಟಿಯಂಥದ್ದು, ಹೀಗೆ ಎಂಟು ವಾರ. ಅಡುಗೆಯದರಲ್ಲೂ ನಮಸ್ಕಾರವನ್ನು ಕೊನೆಗೆ ಇಡು. ಎರಡರ ಉದ್ದವೂ ಒಂದೇ ಇರಲಿ, ಸಣ್ಣ ವಿಡಿಯೊದಲ್ಲಿ ಜನ ಕೊನೆವರೆಗೆ ಉಳಿಯುವುದು ಸಹಜ, ಹೋಲಿಕೆ ತಪ್ಪುತ್ತದೆ. ಪ್ರತಿಯೊಂದಕ್ಕೂ 28 ದಿನ ಆದ ಮೇಲೆ ವ್ಯೂಸ್ ಬರೆದುಕೋ. ನಿನ್ನ ಹಳೆಯ ಹನ್ನೊಂದು ವಿಡಿಯೊಗಳ ಮೊದಲ 28 ದಿನದ ವ್ಯೂಸನ್ನೂ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು ಅಳತೆಗೋಲು ಮಾಡಿಕೋ. ಸುಮ್ನೆ ಆ ಬೆಣ್ಣೆ ದೋಸೆ ವಿಡಿಯೊ ಜೊತೆ ಹೋಲಿಸಬೇಡ, ಅದು ಲಾಟರಿ. ನಾಲ್ಕು ಭಟ್ಟಿ ವಿಡಿಯೊಗಳಲ್ಲಿ ಮೂರು ಆ ನಡುವಿನದನ್ನು ದಾಟಿದರೆ ಆ ಕಡೆ ತಿರುಗು. ದಾಟದಿದ್ದರೂ ಮತ್ತೆ ಬರುವವರು ಹೆಚ್ಚುತ್ತಿದ್ದರೆ ಇನ್ನು ನಾಲ್ಕು ಮಾಡು. ಎರಡೂ ಇಲ್ಲದಿದ್ದರೆ ಅಡುಗೆಗೇ ವಾಪಸ್, ವಾರಕ್ಕೆ ಒಂದರಂತೆಯೇ.

ದಿನಕ್ಕೊಂದು ಶಾರ್ಟ್ಸ್ ಹಾಕುವ ನಿನ್ನ ಯೋಚನೆ ನನಗೆ ಹಿಡಿಸಲಿಲ್ಲ. ಬೆರಳಲ್ಲಿ ತಳ್ಳುತ್ತಾ ಬಂದವರು ಸಬ್‌ಸ್ಕ್ರೈಬ್ ಮಾಡುತ್ತಾರೆ, ಅವರಲ್ಲಿ ಎಷ್ಟೋ ಜನ ಹನ್ನೆರಡು ನಿಮಿಷದ ವಿಡಿಯೊಗೆ ಕೂರುವುದಿಲ್ಲ.

ಐದು ವಾರ ಆದ ಮೇಲೂ ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸಿದರೆ, ನಿದ್ದೆ ಬರದಿದ್ದರೆ, ಅದು ಚಾನೆಲ್ಲಿನ ಮಾತಲ್ಲ. ನಿಮ್ಮವ್ವನಿಗೆ ಹೇಳಿ ಡಾಕ್ಟರ ಹತ್ತಿರ ಹೋಗು, ನನಗೂ ಒಂದು ಫೋನ್ ಮಾಡು.

ಟ್ರೈಪಾಡಿನ ಒಂದು ಕಾಲು ನಿಲ್ಲುತ್ತಿಲ್ಲ ಅಂದಿದ್ದೆ. ಮುಂದಿನ ಸಲ ದುರ್ಗಕ್ಕೆ ಬರುವಾಗ ತಗೊಂಡು ಬಾ, ಅಂಗಡಿಯಲ್ಲಿ ಒಂದು ಬುಶ್ ಹಾಕಿಕೊಡುತ್ತೇನೆ.

ನಿನ್ನ ಮಾವ