ಫಾರಂಗಿಂತ ಮೊದಲು ನಿಮ್ಮ ಹಳೇ ಸ್ಟೇಟ್‌ಮೆಂಟ್ ನೋಡುತ್ತೇವೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ನೀವು ಪರಿಶೀಲನೆಗೆ ಬಂದಾಗ ಮೊದಲು ಕಾಫಿ, ಆಮೇಲೆ ಹನ್ನೆರಡು ಪ್ರಶ್ನೆಗಳ ಒಂದು ಫಾರಂ. ನೀವು ಟಿಕ್ ಹಾಕುತ್ತಿದ್ದಿರಿ, ನಾವು ಅಂಕ ಕೂಡಿಸುತ್ತಿದ್ದೆವು. ಈಕ್ವಿಟಿಯಲ್ಲಿ ಎಷ್ಟಿರಬೇಕು, ಎಫ್‌ಡಿ ಮತ್ತು ಡೆಟ್ ಫಂಡ್‌ನಲ್ಲಿ ಎಷ್ಟಿರಬೇಕು ಅನ್ನುವುದು ಹೆಚ್ಚು ಕಡಿಮೆ ಆ ಅಂಕದ ಮೇಲೆ ತೀರ್ಮಾನ ಆಗುತ್ತಿತ್ತು. ಈ ಏಪ್ರಿಲ್‌ನಿಂದ ಅದನ್ನು ಬದಲಿಸುತ್ತಿದ್ದೇವೆ. ಫಾರಂ ಪೂರ್ತಿ ಹೋಗುವುದಿಲ್ಲ. ನೋಂದಾಯಿತ ಹೂಡಿಕೆ ಸಲಹೆಗಾರರು ಗ್ರಾಹಕರ ರಿಸ್ಕ್ ಪ್ರೊಫೈಲ್ ಮಾಡಿ ಅವರಿಗೆ ತಿಳಿಸಲೇಬೇಕು ಎಂದು ಸೆಬಿ ನಿಯಮ ಹೇಳುತ್ತದೆ. ಆದರೆ ಅದಕ್ಕೂ ಮೊದಲು ನಿಮ್ಮ ಹೂಡಿಕೆಯ ಹಳೇ ಸ್ಟೇಟ್‌ಮೆಂಟ್ ತೆರೆದಿಟ್ಟುಕೊಂಡು ಕೂರುತ್ತೇವೆ. ಮಾರುಕಟ್ಟೆ ಬಿದ್ದಾಗ ನೀವು ನಿಜವಾಗಿ ಏನು ಮಾಡಿದಿರಿ ಅಂತ ನೋಡುತ್ತೇವೆ. ಫಾರಂ ಒಂದು ಹೇಳಿ ಸ್ಟೇಟ್‌ಮೆಂಟ್ ಇನ್ನೊಂದು ಹೇಳಿದರೆ, ಸ್ಟೇಟ್‌ಮೆಂಟ್ ಹೇಳಿದ್ದನ್ನೇ ಹಿಡಿಯುತ್ತೇವೆ.

ಯಾಕೆ ಅಂತ ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇವೆ.

2020ರ ಜನವರಿಯಲ್ಲಿ ಒಬ್ಬ ಮೇಷ್ಟ್ರು ನಮ್ಮ ಕಚೇರಿಗೆ ಬಂದಿದ್ದರು. ನಿವೃತ್ತಿಗೆ ಆರು ವರ್ಷ ಬಾಕಿ ಇತ್ತು. "ಮಾರುಕಟ್ಟೆ 20% ಬಿದ್ದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಗೆ "ಇನ್ನಷ್ಟು ಕೊಳ್ಳುತ್ತೇನೆ" ಎಂದು ಟಿಕ್ ಹಾಕಿದರು. ಸುಳ್ಳು ಹೇಳಲಿಲ್ಲ, ಆಗ ಹಾಗೇ ಅನ್ನಿಸಿತ್ತು. ಅಂಕ ಕೂಡಿಸಿದರೆ 'ಅಗ್ರೆಸಿವ್' ಅಂತ ಬಂತು. ಅವರ 20 ಲಕ್ಷದಲ್ಲಿ 15 ಲಕ್ಷ ನಿಫ್ಟಿ ಇಂಡೆಕ್ಸ್ ಫಂಡ್‌ಗೆ, 5 ಲಕ್ಷ ಡೆಟ್‌ಗೆ ಹಾಕಿಸಿದೆವು. ಜೊತೆಗೆ ತಿಂಗಳಿಗೆ 10,000 ರೂಪಾಯಿಯ ಎಸ್‌ಐಪಿ. (ಲೆಕ್ಕ ಸುಲಭವಾಗಲಿ ಎಂದು ಕೆಳಗೆ ಎಸ್‌ಐಪಿ ಕಂತು, ಫಂಡ್ ಖರ್ಚು, ಡೆಟ್‌ನ ಬಡ್ಡಿ ಬಿಟ್ಟಿದ್ದೇವೆ.)

ನಿಫ್ಟಿ ಜನವರಿ 14ರಂದು 12,362ರಲ್ಲಿತ್ತು. ಮಾರ್ಚ್ 12ಕ್ಕೆ 9,590ಕ್ಕೆ ಇಳಿಯಿತು. ಮೇಷ್ಟ್ರ 20 ಲಕ್ಷ ಆ ಹೊತ್ತಿಗೆ 16.64 ಲಕ್ಷ ಆಗಿತ್ತು. ಅವತ್ತು ಸಂಜೆ ಫೋನ್ ಮಾಡಿ, "ಎಸ್‌ಐಪಿ ಸದ್ಯಕ್ಕೆ ನಿಲ್ಲಿಸಿಬಿಡಿ, ಸ್ವಲ್ಪ ನೋಡೋಣ" ಅಂದರು. ನಾವು ನಿಲ್ಲಿಸಿದೆವು. ಆ ಫೋನ್‌ನ ಅರ್ಥ ನಮಗೆ ಆಗ ಆಗಲಿಲ್ಲ. ಮಾರ್ಚ್ 23ರಂದು ಒಂದೇ ದಿನ 13% ಬಿದ್ದು ನಿಫ್ಟಿ 7,610ಕ್ಕೆ ಬಂತು. 24ರ ಬೆಳಿಗ್ಗೆ ಮೇಷ್ಟ್ರು ನಮಗೆ ಹೇಳದೆ ಆ್ಯಪ್‌ನಲ್ಲೇ ಅಷ್ಟೂ ಇಂಡೆಕ್ಸ್ ಫಂಡ್ ಮಾರಿದರು. ಕೈಗೆ ಬಂದಿದ್ದು ಸುಮಾರು 9.47 ಲಕ್ಷ. ಆ ವರ್ಷ ಡಿಸೆಂಬರ್ ಕೊನೆಗೆ, ನಿಫ್ಟಿ 13,982ರಲ್ಲಿದ್ದಾಗ, ವಾಪಸ್ ಹಾಕಿದರು. ಸುಮ್ನೆ ಬಿಟ್ಟಿದ್ದರೆ ಆ ದುಡ್ಡು 16.97 ಲಕ್ಷ ಆಗಿರುತ್ತಿತ್ತು.

ಏಳು ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ. ಮೇಷ್ಟ್ರು ಹೆದರಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ಅವರು ತಡೆಯಲಾರದಷ್ಟು ಈಕ್ವಿಟಿಯನ್ನು ಒಂದು ಟಿಕ್ ನಂಬಿ ಹಾಕಿಸಿದ್ದು ನಮ್ಮ ತಪ್ಪು.

ತಮಾಷೆ ಏನಂದರೆ, ಏಪ್ರಿಲ್‌ನಲ್ಲಿ ಅದೇ ಫಾರಂ ಮತ್ತೆ ತುಂಬಿಸಿದಾಗ 'ಕನ್ಸರ್ವೇಟಿವ್' ಅಂತ ಬಂತು. ಮನುಷ್ಯ ಅವರೇ, ಪ್ರಶ್ನೆಗಳೂ ಅವೇ. ಮಾರುಕಟ್ಟೆ ಮಾತ್ರ ಬೇರೆ. ಮೂರು ತಿಂಗಳಲ್ಲಿ ಒಬ್ಬರ ಸ್ವಭಾವ ಬದಲಾಗುತ್ತದೆಯಾ? ಫಾರಂ ಅಳೆಯುತ್ತಿದ್ದುದು ಅವತ್ತಿನ ಮೂಡ್ ಅಷ್ಟೇ. ಇನ್ನೊಂದು, '20%' ಅನ್ನುವುದು ಕಾಗದದ ಮೇಲೆ ನೋಯಿಸುವುದಿಲ್ಲ. "ನಿಮ್ಮ 20 ಲಕ್ಷದಲ್ಲಿ 4 ಲಕ್ಷ ಇಲ್ಲ, ಯಾವಾಗ ವಾಪಸ್ ಬರುತ್ತೆ ಗೊತ್ತಿಲ್ಲ" ಅಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅಲ್ವಾ?

ಈಗ ಸ್ಟೇಟ್‌ಮೆಂಟ್‌ನಲ್ಲಿ ನಾವು ಏನು ಹುಡುಕುತ್ತೇವೆ ಅಂತ ಹೇಳುತ್ತೇವೆ. ಎಲ್ಲರೂ ಮೊದಲು ನೋಡುವುದು "ಮಾರಿದರಾ, ಇಲ್ವಾ" ಅಂತ. ನಾವು ಅದಕ್ಕಿಂತ ಮುಂಚಿನದನ್ನು ಹುಡುಕುತ್ತೇವೆ. ಮನಸ್ಸು ಅಲ್ಲಾಡಿ ಕೈ ಮೊದಲು ಆಡಿದ್ದು ಯಾವಾಗ? ಪ್ರತಿ ತಿಂಗಳು 10ನೇ ತಾರೀಕು ಬರುತ್ತಿದ್ದ ಕಂತು ಇದ್ದಕ್ಕಿದ್ದಂತೆ ಕಾಣುವುದಿಲ್ಲ. ಇಲ್ಲವೇ ಸ್ವಲ್ಪ ಭಾಗ ಲಿಕ್ವಿಡ್ ಫಂಡ್‌ಗೆ ಹೋಗಿರುತ್ತದೆ. ಪೂರ್ತಿ ಮಾರುವ ಮುಂಚೆ ಇಂಥದ್ದೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೇಷ್ಟ್ರ ಮಟ್ಟಿಗೆ ಅದು ಮಾರ್ಚ್ 12. ಅವತ್ತು ಒಟ್ಟು ಹಣ 17% ಕಡಿಮೆಯಾಗಿತ್ತು, ಅಂದರೆ ಸುಮಾರು 3.4 ಲಕ್ಷ. ಮಾರಿದ ದಿನದ ಇಳಿಕೆ 28%. ಅವರ ಮಿತಿ 28 ಅಲ್ಲ, 17 ಅಂತ ನಾವು ಹಿಡಿಯುತ್ತೇವೆ.

ಆಮೇಲಿನ ಲೆಕ್ಕ ಸರಳ. ಷೇರು ಮಾರುಕಟ್ಟೆ ಅರ್ಧಕ್ಕೆ ಇಳಿಯಬಹುದು ಅಂತ ಇಟ್ಟುಕೊಳ್ಳುತ್ತೇವೆ. ಇದು ಸುಮ್ನೆ ಹೆದರಿಸುವ ಮಾತಲ್ಲ, 2008ರ ಜನವರಿಯಿಂದ 2009ರ ಮಾರ್ಚ್‌ವರೆಗೆ ಸೆನ್ಸೆಕ್ಸ್ ಸುಮಾರು 60% ಬಿದ್ದಿತ್ತು. ಮಾರುಕಟ್ಟೆ ಅರ್ಧ ಆದಾಗಲೂ ಮೇಷ್ಟ್ರ ಒಟ್ಟು ಹಣ 17%ಕ್ಕಿಂತ ಜಾಸ್ತಿ ಇಳಿಯಬಾರದು ಅಂದರೆ ಈಕ್ವಿಟಿ 34% ಮೀರಬಾರದು. ಫಾರಂ ನಂಬಿ ನಾವು ಇಟ್ಟಿದ್ದು 75%.

ಇಲ್ಲಿ ಇನ್ನೊಂದು ತಿರುವು ಇದೆ. ಮೇಷ್ಟ್ರ ಹಣ ಈಗ 30 ಲಕ್ಷ ಆಗಿದೆ. 30 ಲಕ್ಷದ 17% ಅಂದರೆ 5.1 ಲಕ್ಷ. ಆದರೆ ಅವತ್ತು ಅವರ ನಿದ್ದೆ ಕೆಡಿಸಿದ್ದು 3.4 ಲಕ್ಷ. ಶೇಕಡಾ ಲೆಕ್ಕ ಹಿಡಿಯಬೇಕಾ, ರೂಪಾಯಿ ಲೆಕ್ಕ ಹಿಡಿಯಬೇಕಾ? ಜನಕ್ಕೆ ನೋವಾಗುವುದು ರೂಪಾಯಿಯಲ್ಲಿ, ಅದು ನಮ್ಮ ಅನುಭವ. ಹಾಗಂತ ಪೂರ್ತಿ ರೂಪಾಯಿಗೇ ಕಟ್ಟುಬಿದ್ದರೆ ಈಕ್ವಿಟಿ 23%ಕ್ಕೆ ಇಳಿಯುತ್ತದೆ. ಇಬ್ಬರೂ ಕೂತು ಮಾತಾಡಿ 30%ಕ್ಕೆ ನಿಂತೆವು. ಮಾರುಕಟ್ಟೆ ಅರ್ಧವಾದರೆ 4.5 ಲಕ್ಷ ಕಡಿಮೆ ಕಾಣಿಸುತ್ತದೆ. ಆ ಸಂಖ್ಯೆಯನ್ನು ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿದೆವು. 2020ರಲ್ಲಿ 2 ಲಕ್ಷ ಇಟ್ಟು ಗಟ್ಟಿಯಾಗಿ ನಿಂತು, ಈಗ 40 ಲಕ್ಷ ಇಟ್ಟಿರುವವರು ಇದನ್ನು ಗಮನಿಸಿ. ಆಗಿನ 38% ಇಳಿಕೆ ನಿಮಗೆ 76,000 ರೂಪಾಯಿ. ಇವತ್ತು ಅದೇ ಇಳಿಕೆ 15 ಲಕ್ಷ. ಆ ಪರೀಕ್ಷೆ ನೀವಿನ್ನೂ ಬರೆದಿಲ್ಲ.

ಮಾರದೆ ಇದ್ದವರನ್ನೆಲ್ಲ ಗಟ್ಟಿಗರು ಅಂತಲೂ ಲೆಕ್ಕ ಹಾಕುವುದಿಲ್ಲ. ಒಬ್ಬರು 2020ರಲ್ಲಿ ಏನೂ ಮಾಡಿರಲಿಲ್ಲ. ವಿಚಾರಿಸಿದರೆ, ಅವರ ಹಣವೆಲ್ಲ ಮೂರು ವರ್ಷ ತೆಗೆಯಲಾಗದ ಇಎಲ್‌ಎಸ್‌ಎಸ್‌ನಲ್ಲಿತ್ತು. ಇನ್ನೊಬ್ಬರಿಗೆ ಆ್ಯಪ್‌ನ ಪಾಸ್‌ವರ್ಡ್ ಮರೆತುಹೋಗಿತ್ತು! ಅದೇ ನಮ್ಮ ಇನ್ನೊಬ್ಬ ಗ್ರಾಹಕಿ, ಹೊಲಿಗೆ ಅಂಗಡಿ ನಡೆಸುವವರು, ಫಾರಂನಲ್ಲಿ ಯಾವತ್ತೂ 'ಕನ್ಸರ್ವೇಟಿವ್'. ದಿನಾ ಆ್ಯಪ್ ತೆರೆದು ನೋಡಿ, ಮುಚ್ಚಿ ಇಡುತ್ತಿದ್ದರಂತೆ. ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳ ಕಂತು ಸ್ಟೇಟ್‌ಮೆಂಟ್‌ನಲ್ಲಿವೆ. ನೋಡಿಯೂ ಕೈ ಹಾಕದವರು ಅವರು. ಅವರ ಈಕ್ವಿಟಿಯನ್ನು ನಾವು ಏರಿಸುತ್ತಿದ್ದೇವೆ.

ಹಾಗೆಯೇ ಮಾರಿದವರೆಲ್ಲ ಹೆದರಿದವರಲ್ಲ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿ, ಬಾಡಿಗೆ ಕಟ್ಟಲು ಮಾರಿದವರಿದ್ದಾರೆ. ಅವರಿಗೆ ಬೇಕಿದ್ದುದು ಆರು ತಿಂಗಳ ಖರ್ಚಿನ ಎಫ್‌ಡಿ. ಅದಿಲ್ಲದೆ ಧೈರ್ಯ ಎಷ್ಟಿದ್ದರೂ ಪ್ರಯೋಜನ ಇಲ್ಲ. ಹಾಗಾಗಿ ಸ್ಟೇಟ್‌ಮೆಂಟ್‌ನ ಪ್ರತಿ ಮಾರಾಟದ ಪಕ್ಕದಲ್ಲಿ "ಆ ದುಡ್ಡು ಎಲ್ಲಿ ಹೋಯಿತು?" ಅಂತ ಕೇಳುತ್ತೇವೆ. ಫೀಸಿಗೆ, ಆಸ್ಪತ್ರೆಗೆ ಹೋಗಿದ್ದರೆ ಒಂದು ಮಾತು. ಉಳಿತಾಯ ಖಾತೆಯಲ್ಲಿ ಒಂಬತ್ತು ತಿಂಗಳು ಮಲಗಿದ್ದರೆ ಬೇರೆ ಮಾತು.

2020ರಲ್ಲಿ ನಿಂತವರಿಗೂ ಒಂದು ಎಚ್ಚರಿಕೆ. ಆಗ ಬಿದ್ದ ನಿಫ್ಟಿ ನವೆಂಬರ್‌ಗೆಲ್ಲ ಹಳೇ ಮಟ್ಟ ಮುಟ್ಟಿತ್ತು, ಜನವರಿಯಿಂದ ಎಣಿಸಿದರೂ ಹತ್ತು ತಿಂಗಳು ಆಗಿರಲಿಲ್ಲ. 2008ರಲ್ಲಿ ಬಿದ್ದದ್ದು ಹಳೇ ಮಟ್ಟಕ್ಕೆ ಬರಲು 2010ರ ನವೆಂಬರ್‌ವರೆಗೆ ಕಾಯಬೇಕಾಯಿತು. ಮೂರು ದೀಪಾವಳಿ. ಹತ್ತು ತಿಂಗಳು ತಡೆದವರು ಮೂರು ವರ್ಷ ತಡೆಯುತ್ತಾರೆ ಅಂತ ಸ್ಟೇಟ್‌ಮೆಂಟ್ ಹೇಳಲಾರದು. ಅದಕ್ಕೇ ನಾವು ಲೆಕ್ಕಕ್ಕೆ ಬಂದ ಸಂಖ್ಯೆಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತೇವೆ.

2020ರ ನಂತರ ಸೇರಿದವರ ಹತ್ತಿರ ಇರುವುದು 2024ರ ಸೆಪ್ಟೆಂಬರ್‌ನಿಂದ 2025ರ ಮಾರ್ಚ್‌ವರೆಗಿನ ಇಳಿಕೆ. ನಿಫ್ಟಿ ಸುಮಾರು 16% ಇಳಿದಿತ್ತು. ಸಣ್ಣದೇ, ಆದರೂ ಕಂತು ನಿಲ್ಲಿಸಿದ್ದೀರಾ ಅಂತ ನೋಡಬಹುದು. "ಶುಂಠಿ ರೇಟು ಬಿದ್ದಾಗ ತಡೆದವರು ನಾವು, ಸೈಟಿನ ಬೆಲೆ ಇಳಿದಾಗ ಮಾರಲಿಲ್ಲ" ಅನ್ನುವವರಿದ್ದಾರೆ. ಶುಂಠಿಯ ಮಾತನ್ನು ಕೇಳುತ್ತೇವೆ, ನಷ್ಟ ಕಂಡ ಮೇಲೆ ಮುಂದಿನ ವರ್ಷ ಎಷ್ಟು ಎಕರೆ ಹಾಕಿದಿರಿ ಅನ್ನುವುದು ಒಳ್ಳೆಯ ಸುಳಿವು. ಸೈಟನ್ನು ಅಷ್ಟಾಗಿ ನಂಬುವುದಿಲ್ಲ. ಸೈಟಿನ ಬೆಲೆ ದಿನಾ ಬೆಳಿಗ್ಗೆ ಫೋನಿನಲ್ಲಿ ಕೆಂಪಗೆ ಕಾಣುವುದಿಲ್ಲವಲ್ಲ.

ಈಗ ನಿಮ್ಮಿಂದ ಬೇಕಾದ್ದು. ನೆನಪಿನಿಂದ ಹೇಳಬೇಡಿ, ದಯವಿಟ್ಟು. ಮೇಷ್ಟ್ರೇ ಹೋದ ವರ್ಷ "ಅರ್ಧ ಮಾತ್ರ ಮಾರಿದ್ದೆ" ಅಂತ ನಂಬಿಕೊಂಡಿದ್ದರು. ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟ್‌ನಲ್ಲಿ ಎಲ್ಲ ಫಂಡ್‌ಗಳ ಒಟ್ಟು ಸ್ಟೇಟ್‌ಮೆಂಟ್ ಕೇಳಿ. ಅದರಲ್ಲಿ Detailed ಆಯ್ಕೆ ಮಾಡಿ, ಅವಧಿಯನ್ನು 2020ರ ಜನವರಿ 1ರಿಂದ ಇವತ್ತಿನವರೆಗೆ ಕೊಡಿ. 2008ರಲ್ಲೂ ಇದ್ದವರು ಅಲ್ಲಿಂದ ಕೊಡಿ. ಶೂನ್ಯ ಬ್ಯಾಲೆನ್ಸ್ ಇರುವ ಫೋಲಿಯೊಗಳನ್ನೂ ಸೇರಿಸುವ ಆಯ್ಕೆಯನ್ನು ಮರೆಯಬೇಡಿ. ಪೂರ್ತಿ ಮಾರಿದ ಫಂಡ್ ಶೂನ್ಯಕ್ಕೆ ಹೋಗಿರುತ್ತದೆ. ಅದನ್ನು ಬಿಟ್ಟರೆ ನಾವು ನೋಡಬೇಕಾದ ಸಾಲೇ ಸ್ಟೇಟ್‌ಮೆಂಟ್‌ನಲ್ಲಿ ಇರುವುದಿಲ್ಲ. ನೇರವಾಗಿ ಷೇರು ಕೊಂಡಿದ್ದರೆ ಬ್ರೋಕರ್‌ನಿಂದ ವ್ಯವಹಾರದ ಪಟ್ಟಿಯನ್ನೂ ತನ್ನಿ.

ನಿಮ್ಮ ಒಪ್ಪಿಗೆ ಇಲ್ಲದೆ ಒಂದು ಯೂನಿಟ್ಟೂ ಅಲ್ಲಾಡುವುದಿಲ್ಲ. ನಮ್ಮ ಶುಲ್ಕವೂ ಬದಲಾಗುವುದಿಲ್ಲ. ಈಕ್ವಿಟಿ ಕಡಿಮೆ ಮಾಡಬೇಕಾದವರಿಗೆ ಒಂದೇ ಸಲ ಮಾರಿ ಎನ್ನುವುದಿಲ್ಲ. ವರ್ಷ ದಾಟಿದ ಈಕ್ವಿಟಿ ಲಾಭ ಒಂದು ಆರ್ಥಿಕ ವರ್ಷದಲ್ಲಿ 1.25 ಲಕ್ಷ ದಾಟಿದರೆ ದಾಟಿದ್ದಕ್ಕೆ 12.5% ತೆರಿಗೆ ಇದೆ. ಹಾಗಾಗಿ ಮೊದಲು ಹೊಸ ಕಂತುಗಳನ್ನು ಡೆಟ್ ಕಡೆ ತಿರುಗಿಸುತ್ತೇವೆ, ಉಳಿದದ್ದನ್ನು ಎರಡು ಮೂರು ವರ್ಷಕ್ಕೆ ಹಂಚುತ್ತೇವೆ.

ಸ್ಟೇಟ್‌ಮೆಂಟ್ ಪಿಡಿಎಫ್ ಬರುವುದು ನೀವೇ ಕೊಟ್ಟ ಪಾಸ್‌ವರ್ಡ್‌ನೊಂದಿಗೆ. ಅದನ್ನು ಕಚೇರಿಯ ಮೇಲ್‌ಗೆ ಕಳಿಸಿ, ಪಾಸ್‌ವರ್ಡ್ ಮಾತ್ರ ಫೋನ್ ಮಾಡಿ ಹೇಳಿ. ಮೇಲ್ ಗೊತ್ತಾಗದವರು ಸುಮ್ನೆ ಫೋನ್ ಹಿಡಿದುಕೊಂಡು ಬನ್ನಿ, ಇಲ್ಲೇ ಕೂತು ತೆಗೆಯೋಣ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹೂಡಿಕೆ ಇದ್ದರೆ ಇಬ್ಬರೂ ಬನ್ನಿ. ಮಾರ್ಚ್ 2020ರಲ್ಲಿ "ಮಾರಿಬಿಡಿ" ಅಂದವರು ಯಾರು ಅನ್ನುವುದು ಸ್ಟೇಟ್‌ಮೆಂಟ್‌ನಲ್ಲಿ ಇರುವುದಿಲ್ಲ.

ಇಂತಿ,
ನಿಮ್ಮ ಹೂಡಿಕೆ ಸಲಹಾ ಕಚೇರಿ
ಹಾಸನ