ಅಳುವ ಮಗುವನ್ನು ಅಪ್ಪನ ಕೈಯಲ್ಲೇ ಬಿಡಿ

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ಈಗ ಏಳು ತಿಂಗಳು. ಅವಳು ಹುಟ್ಟಿದಾಗಿನಿಂದ ನಾನು ಅತಿ ಹೆಚ್ಚು ಕೇಳಿದ ಮಾತು ‘ಇಲ್ಲಿ ಕೊಡಪ್ಪಾ’ ಅನ್ನೋದು. ಮಗು ನನ್ನ ಕೈಯಲ್ಲಿದ್ದಾಗ ಅತ್ತರೆ ಸಾಕು, ಮನೆಗೆ ಬಂದ ಯಾರಾದರೂ ಎರಡೂ ಕೈ ಚಾಚಿಕೊಂಡು ಬರುತ್ತಾರೆ. ‘ಗಂಡಸರ ಕೈಗೆ ಮಗು ನಿಲ್ಲಲ್ಲ’ ಎನ್ನುತ್ತಾ ಎತ್ತಿಕೊಂಡು ಹೋಗುತ್ತಾರೆ. ಅವರಿಗೆ ಮಗುವಿನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹೊತ್ತಿನಲ್ಲಿ ಏನು ಕೈತಪ್ಪುತ್ತದೆ ಎಂಬುದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನಿಸಿತು.

ಅಳುವ ಮಗುವನ್ನು ಸಮಾಧಾನ ಮಾಡುವುದು ಹೆಂಗಸರಿಗೆ ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಮಾಡಿ ಮಾಡಿ ಕಲಿಯುವ ಕೆಲಸ. ಹಸಿವಾದ ಮಗು ಅಳುವುದಕ್ಕೂ ಮುಂಚೆಯೇ ಕೈಯನ್ನು ಬಾಯಿಗೆ ಒಯ್ಯುತ್ತದೆ, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುತ್ತದೆ. ನಿದ್ದೆ ಬಂದರೆ ಕಣ್ಣು ಉಜ್ಜುತ್ತದೆ, ನಮ್ಮ ಮುಖ ನೋಡದೆ ಬೇರೆ ಕಡೆ ತಿರುಗುತ್ತದೆ. ಹಾಲು ಕುಡಿದ ಮೇಲೆ ಹೊಟ್ಟೆಯಲ್ಲಿ ಗಾಳಿ ಸೇರಿಕೊಂಡಿದ್ದರೆ ಭುಜಕ್ಕೆ ಒರಗಿಸಿ ನೆಟ್ಟಗೆ ಹಿಡಿದು, ತೇಗು ಬರುವವರೆಗೂ ಬೆನ್ನು ತಟ್ಟಬೇಕು. ಹಾಲೂಡಿಸುವುದೊಂದನ್ನು ಬಿಟ್ಟರೆ ಇದೆಲ್ಲ ನನ್ನಿಂದಲೂ ಆಗುತ್ತದೆ. ನನ್ನ ಮಗಳು ನನ್ನ ಎಡ ಭುಜದ ಮೇಲೆ, ದೀಪ ಆರಿಸಿದ ಕೋಣೆಯಲ್ಲಿ, ನಿಧಾನಕ್ಕೆ ನಡೆದಾಡಿದರೆ ಮಾತ್ರ ಸುಮ್ಮನಾಗುತ್ತಾಳೆ. ಬಲ ಭುಜ ಆಗಲ್ಲ. ಇದು ನನಗೆ ಗೊತ್ತಾಗಿದ್ದು ಹತ್ತಾರು ರಾತ್ರಿ ಒದ್ದಾಡಿದ ಮೇಲೆ.

ಎರಡನೇ ನಿಮಿಷಕ್ಕೇ ಯಾರೋ ಮಗುವನ್ನು ಎತ್ತಿಕೊಂಡರೆ ಅಪ್ಪ ಇದನ್ನು ಕಲಿಯುವುದು ಯಾವಾಗ? ಮಗುವಿಗೂ ಈ ಕೈಗಳಲ್ಲಿ ಸಮಾಧಾನ ಸಿಗುತ್ತದೆ ಅಂತ ಗೊತ್ತಾಗುವುದು ಯಾವಾಗ? ನಾಲ್ಕು ತಿಂಗಳು ಹೀಗೇ ನಡೆದರೆ ಮಗು ನಿಜಕ್ಕೂ ಅಪ್ಪನ ಹತ್ತಿರ ನಿಲ್ಲುವುದಿಲ್ಲ. ಆಗ ‘ನೋಡು, ನಾವು ಹೇಳಿರಲಿಲ್ವಾ?’ ಎನ್ನುತ್ತಾರೆ. ಅಪ್ಪನೂ ಅದನ್ನೇ ನಂಬಿ ಹಿಂದೆ ಸರಿಯುತ್ತಾನೆ. ಆ ರಾತ್ರಿಗಳೆಲ್ಲ ಅಮ್ಮನೊಬ್ಬಳ ಪಾಲಿಗೆ ಬೀಳುತ್ತವೆ.

ಕಚೇರಿಯಲ್ಲೂ ಹೀಗೇ. ಲಸಿಕೆ ಹಾಕಿಸಲು ಅರ್ಧ ದಿನ ರಜೆ ಕೇಳಿದಾಗ ‘ಮನೇಲಿ ಹೆಂಗಸರು ಯಾರೂ ಇಲ್ವಾ?’ ಎಂದರು. ಯಾರೂ ಬೈಯಲಿಲ್ಲ, ರಜೆಯೂ ಸಿಕ್ಕಿತು. ಆದರೆ ಮುಂದಿನ ಸಲ ‘ಮೈ ಹುಷಾರಿಲ್ಲ’ ಅಂತ ಸುಳ್ಳು ಹೇಳಿ ಹೋದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ಬೇಸರವಿದೆ. ನಾನು ಬಚ್ಚಿಟ್ಟರೆ ಪಕ್ಕದ ಮೇಜಿನ ಹುಡುಗನೂ ನಾಳೆ ಬಚ್ಚಿಡುತ್ತಾನೆ, ಅಲ್ವಾ?

ಇದು ಬರೀ ನನ್ನ ಊಹೆಯಲ್ಲ. ನಾರ್ವೆಯಲ್ಲಿ 1993ರ ಏಪ್ರಿಲ್‌ನಿಂದ ಪೋಷಕರ ರಜೆಯಲ್ಲಿ ನಾಲ್ಕು ವಾರವನ್ನು ಅಪ್ಪನಿಗೇ ಮೀಸಲಿಟ್ಟರು. ಅವನು ತೆಗೆದುಕೊಳ್ಳದಿದ್ದರೆ ಆ ವಾರಗಳು ಹೋದಂತೆಯೇ. ಅದಕ್ಕೂ ಮುಂಚೆ ಅಪ್ಪಂದಿರು ರಜೆಯಲ್ಲಿ ಪಾಲು ಪಡೆಯಬಹುದಿತ್ತು, ಆದರೆ ಪಡೆದವರು ತೀರಾ ಕಡಿಮೆ. ಆ ಏಪ್ರಿಲ್ 1ರ ಹಿಂದೆ ಮುಂದೆ ಮಕ್ಕಳಾದ ಅಪ್ಪಂದಿರನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಬ್ಬ ರಜೆ ತೆಗೆದುಕೊಂಡರೆ, ಅವನ ಜೊತೆ ಕೆಲಸ ಮಾಡುವವರಲ್ಲಿ ನೂರಕ್ಕೆ 11 ಮಂದಿಯಷ್ಟು, ಅಣ್ಣತಮ್ಮಂದಿರಲ್ಲಿ 15 ಮಂದಿಯಷ್ಟು ಹೆಚ್ಚು ಜನ ತಮ್ಮ ಸರದಿ ಬಂದಾಗ ರಜೆ ಪಡೆದಿದ್ದರು. ರಜೆ ಪಡೆದವನು ಮೇಲಧಿಕಾರಿಯಾಗಿದ್ದರೆ ಪರಿಣಾಮ ಇನ್ನೂ ಜಾಸ್ತಿ. ತಡೆಯುವವರು ಯಾರೋ, ದಾರಿ ಬಿಡಿಸಬಲ್ಲವರೂ ಅವರೇ: ನೆಂಟರು ಮತ್ತು ಜೊತೆ ಕೆಲಸ ಮಾಡುವವರು.

ಹಾಗಾಗಿ ಹಿರಿಯರಲ್ಲಿ ನನ್ನದು ಒಂದೇ ಕೋರಿಕೆ. ಅಪ್ಪನ ಕೈಯಲ್ಲಿ ಮಗು ಅತ್ತರೆ ಹದಿನೈದು ನಿಮಿಷ ಕಾಯಿರಿ. ಜ್ವರವಿದ್ದರೆ, ಅಳು ಎಂದಿನಂತಿಲ್ಲದಿದ್ದರೆ ಆ ಮಾತು ಬೇರೆ, ಆಗ ಯಾರೂ ಕಾಯಬಾರದು, ವೈದ್ಯರ ಹತ್ತಿರ ಓಡಬೇಕು. ಮಿಕ್ಕಂತೆ ಹತ್ತಿರ ಕೂತು, ಕೇಳಿದರೆ ದಾರಿ ಹೇಳಿ. ಇನ್ನು ಮೇಲಧಿಕಾರಿಗಳೇ, ನಿಮ್ಮ ಮಗುವಿಗಾಗಿ ಬೇಗ ಹೊರಟ ದಿನ ಕಾರಣವನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿ ಹೊರಡಿ.

ಹೋದ ತಿಂಗಳು ನಮ್ಮ ಚಿಕ್ಕಮ್ಮ ಬಂದಿದ್ದರು. ಮಗು ಅತ್ತಾಗ ಎಂದಿನಂತೆ ಎದ್ದರು. ‘ಸ್ವಲ್ಪ ತಡೀರಿ ಚಿಕ್ಕಮ್ಮ, ನಾನೇ ನೋಡ್ತೀನಿ’ ಎಂದೆ. ಪಾಪ, ಕೈ ಕಟ್ಟಿಕೊಂಡು ಕೂತರು. ಹನ್ನೆರಡು ನಿಮಿಷ ಹಿಡಿಯಿತು. ಮಗಳು ಮಲಗಿದ ಮೇಲೆ ಅವರು ಏನೂ ಹೇಳಲಿಲ್ಲ. ಆದರೆ ಕಳೆದ ಭಾನುವಾರ ಅವರ ಮಗ ಬಂದ. ಅವನ ಹೆಂಡತಿಗೆ ಈಗ ಎಂಟು ತಿಂಗಳು. ‘ಮಗೂನ ಭುಜದ ಮೇಲೆ ಹೇಗೆ ಹಾಕ್ಕೋಬೇಕು ಅಂತ ನಿನ್ನ ಹತ್ರ ಕೇಳ್ಕೊಂಡು ಬಾ ಅಂದ್ರು ಅಮ್ಮ’ ಎಂದ.

ಇಂತಿ,
ಏಳು ತಿಂಗಳ ಮಗಳ ಅಪ್ಪ