ಕಾಕಾನ ಪತ್ರ: ಆ 17,000 ನಿಜವಾಗಿ ಎಷ್ಟು?

ಹುಬ್ಬಳ್ಳಿ

ಚಿರಂಜೀವಿ ಮಂಜುನಾಥನಿಗೆ ಕಾಕಾನ ಆಶೀರ್ವಾದ.

ನೀನು ಕಳಿಸಿದ ಟ್ರಿಪ್ಪಿನ ಲೆಕ್ಕ ನೋಡಿದೆ. ಅಮರಗೋಳದಿಂದ ಯಶವಂತಪುರಕ್ಕೆ ಈರುಳ್ಳಿ, ಬರುವಾಗ ಡಬ್ಬಿ ಮಾಲು. ಎರಡೂ ಬಾಡಿಗೆ ಸೇರಿ 40,000. ಡೀಸೆಲ್ 14,400, ಟೋಲ್ 4,200, ಡ್ರೈವರ್ ಭತ್ತೆ 3,000, ಹಮಾಲಿ ಮತ್ತು ಕಮಿಷನ್ 1,400. ಉಳಿದದ್ದು 17,000 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ.

ತಮ್ಮಾ, ಮೊದಲು ಡೀಸೆಲ್ ನೋಡು. ಲೀಟರಿಗೆ 90ರಂತೆ 14,400ಕ್ಕೆ 160 ಲೀಟರ್. ಗಾಡಿ ಓಡಿದ್ದು 840 ಕಿಲೋಮೀಟರ್. ಅಂದರೆ ಲೀಟರಿಗೆ ಐದರ ಮೇಲೆ ಬಂತು. ಲೋಡ್ ಹೊತ್ತ ನಮ್ಮ ಹತ್ತು ಚಕ್ರದ ಲಾರಿ ಅಷ್ಟು ಕೊಡುವುದಿಲ್ಲ, ಅಲ್ವಾ? ದಾರಿಯಲ್ಲಿ ಹಾಕಿಸಿದ ಬಿಲ್ ಮಾತ್ರ ನೀನು ಹಿಡಿದಿದ್ದೀಯ. ಹೊರಡುವಾಗ ತುಂಬಿದ್ದ ಟ್ಯಾಂಕ್, ಬಂದ ಮೇಲೆ ಮತ್ತೆ 50 ಲೀಟರ್ ಕುಡಿಯಿತು ಎಂದು ಡ್ರೈವರ್ ಹೇಳಿದ. ಅದೂ ಈ ಟ್ರಿಪ್ಪಿನದೇ. ಡೀಸೆಲ್ 18,900 ಆಯಿತು. ಇನ್ನು ಮೇಲೆ ಹೊರಡುವಾಗಲೂ ಬಂದ ಮೇಲೂ ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸು. ಹೊರಟ ಮೇಲೆ ಹಾಕಿಸಿದ್ದೆಲ್ಲ, ವಾಪಸ್ ಬಂದು ತುಂಬಿಸಿದ್ದೂ ಸೇರಿ, ಆ ಟ್ರಿಪ್ಪಿನ ಡೀಸೆಲ್.

ಬಾಡಿಗೆಯೂ ಪೂರ್ತಿ ಬಂದಿಲ್ಲ. ಈರುಳ್ಳಿ ತೂಕ ಕಡಿಮೆ ಬಂತೆಂದು ಬಾಕಿಯಲ್ಲಿ 600 ಹಿಡಿದುಕೊಂಡಿದ್ದಾರೆ. ಬಿಲ್ಟಿಯ ಮೊತ್ತ ಬರೆಯಬೇಡ, ಕೈಗೆ ಬಂದದ್ದು ಬರೆ. ಈಗ ಉಳಿದದ್ದು 11,900.

ಟೈರಿನ ಲೆಕ್ಕ ನಿನ್ನ ಚೀಟಿಯಲ್ಲಿ ಇಲ್ಲವೇ ಇಲ್ಲ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ. ಟೈರ್ ಸವೆದ ದಿನ ಕೈಯಲ್ಲಿ ದುಡ್ಡಿಲ್ಲದೆ ಸಾಲ ಮಾಡಿದೆ. ನಿನಗೆ ಆ ಕಷ್ಟ ಬರಬಾರದು. ಹತ್ತು ಟೈರಿಗೆ 2 ಲಕ್ಷ, 80,000 ಕಿಲೋಮೀಟರ್ ಓಡುತ್ತವೆ ಎಂದು ಹಿಡಿ. ಕಿಲೋಮೀಟರಿಗೆ ಎರಡೂವರೆ ರೂಪಾಯಿ, ಈ ಟ್ರಿಪ್ಪಿಗೆ 2,100. ಜಲ್ಲಿ ಹೊಡೆಯುವ ಗಾಡಿಗೆ ಇಷ್ಟು ಓಟ ಬರುವುದಿಲ್ಲ. ಅದಕ್ಕೇ ಪ್ರತಿ ಟೈರಿನ ನಂಬರ್, ಹಾಕಿದ ದಿನದ ಮೀಟರ್ ರೀಡಿಂಗ್ ಬರೆದಿಡು. ನಿನ್ನ ಗಾಡಿಯ ನಿಜವಾದ ರೇಟು ಅದರಿಂದಲೇ ಸಿಗುತ್ತದೆ. ಎರಡೂ ಅಂಚು ಬೇಗ ಸವೆದರೆ ಗಾಳಿ ಕಡಿಮೆ ಇದೆ. ಮುಂಭಾಗದ ಟೈರ್ ಒಂದೇ ಬದಿ ಸವೆದರೆ ಅಲೈನ್‌ಮೆಂಟ್ ನೋಡಿಸು.

ಈಗ 9,800. ಕಂತು, ಇನ್ಶೂರೆನ್ಸ್, ಟ್ಯಾಕ್ಸ್, ಡ್ರೈವರ್ ಸಂಬಳ ಸೇರಿ ತಿಂಗಳಿಗೆ 45,000 ಎಂದು ನೀನೇ ಹೇಳಿದ್ದೆ. ಗಾಡಿ ನಿಂತರೂ ದಿನಕ್ಕೆ 1,500. ಟ್ರಿಪ್ಪಿಗೆ ನಾಲ್ಕು ದಿನ ಹೋಯಿತು, 6,000. ಉಳಿದದ್ದು 3,800.

ಆ ನಾಲ್ಕರಲ್ಲಿ ಎರಡು ದಿನ ನೀನು ಬೆಂಗಳೂರಿನಲ್ಲೇ ಕಾದೆ. ಮೊದಲ ದಿನ 14,500ಕ್ಕೆ ಬಂದ ಲೋಡ್ ಬಿಟ್ಟು, 16,000 ಸಿಗಲಿ ಎಂದು. 1,500 ಜಾಸ್ತಿ ಬಂತು, ನಿಂತದ್ದಕ್ಕೆ 3,000 ಹೋಯಿತು. ಮುಂದಿನ ಸಲ ಲೋಡ್ ಬೇಡ ಎಂದು ಫೋನ್ ಇಡುವ ಮೊದಲು ಇದನ್ನು ಲೆಕ್ಕ ಹಾಕು.

ಭಾನುವಾರ ಬರುವಾಗ ಟೈರ್ ನಂಬರ್ ಬರೆದ ನೋಟ್‌ಬುಕ್ ತಗೊಂಡು ಬಾ. ಕೂತು ನೋಡೋಣ.

ನಿನ್ನ ಕಾಕಾ